ರಿಸಲ್ಟ್ ಜುಲೈಯಲ್ಲಿ, ಅರ್ಜಿ ಜೂನ್‌ನಲ್ಲಿ

ಕಳೆದ ವರ್ಷ ಮೇ ತಿಂಗಳಲ್ಲಿ ಸಿಎ ಫೈನಲ್‌ನ ಎರಡನೇ ಗ್ರೂಪ್ ಬರೆದೆ. ಮೊದಲ ಗ್ರೂಪ್ ಹಿಂದೆಯೇ ಪಾಸಾಗಿತ್ತು, ಸಿಎ ಆಫೀಸಿನಲ್ಲಿ ಮಾಡಬೇಕಾದ ಆರ್ಟಿಕಲ್‌ಶಿಪ್ ತರಬೇತಿಯೂ ಮುಗಿದಿತ್ತು. ಜೂನ್‌ನಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಅರ್ಜಿ ಹಾಕಲು ಕೂತೆ.

ಮೊದಲು ಬರೆದ ಮೇಲ್ ಈಗ ನೆನೆದರೆ ನಗು ಬರುತ್ತದೆ. "ಕ್ಷಮಿಸಿ, ನನ್ನ ಫಲಿತಾಂಶ ಇನ್ನೂ ಬಂದಿಲ್ಲ, ಆದರೂ ದಯವಿಟ್ಟು ಪರಿಗಣಿಸಿ" ಅಂತ ಶುರು ಮಾಡಿದ್ದೆ. ಕಳಿಸುವ ಮೊದಲು ಆಫೀಸಿನ ಸೀನಿಯರ್‌ಗೆ ತೋರಿಸಿದೆ. "ತಪ್ಪು ಮಾಡಿದವರ ಹಾಗೆ ಬರೆದಿದ್ದೀಯಲ್ಲ, ಪೇಪರ್ ತಿದ್ದೋದು ನಿನ್ನ ಕೆಲಸಾನಾ?" ಅಂದರು.

ಆ ಸಾಲು ತೆಗೆದೆ. ರೆಸ್ಯೂಮೆಯ ವಿದ್ಯಾರ್ಹತೆ ಭಾಗದಲ್ಲಿ, ಬಿಕಾಂಗಿಂತ ಮೇಲೆ, ಹೀಗೆ ಹಾಕಿದೆ:

"ಸಿಎ ಫೈನಲ್: ಗ್ರೂಪ್ 1 ಪಾಸ್. ಗ್ರೂಪ್ 2 ಪರೀಕ್ಷೆ ಮೇ ತಿಂಗಳಲ್ಲಿ ಬರೆದಿದ್ದೇನೆ. ಫಲಿತಾಂಶ ಜುಲೈ ಮೊದಲ ಹದಿನೈದು ದಿನದೊಳಗೆ ನಿರೀಕ್ಷೆ."

ಅಷ್ಟೇ. ಬರೀ "ರಿಸಲ್ಟ್ ಅವೇಟೆಡ್" ಅಂತ ಬಿಟ್ಟರೆ ಓದುವವರಿಗೆ ಒಂದು ತಿಂಗಳೋ ಒಂದು ವರ್ಷವೋ ಗೊತ್ತಾಗುವುದಿಲ್ಲ. ಹಾಗಂತ ಒಂದೇ ತಾರೀಖು ಕೊಡುವುದೂ ಸರಿಯಲ್ಲ. ಇನ್‌ಸ್ಟಿಟ್ಯೂಟ್ ನಿಖರ ದಿನ ಹೇಳುವುದು ಫಲಿತಾಂಶಕ್ಕೆ ಕೆಲವೇ ದಿನ ಮುಂಚೆ. ಮೇ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಜುಲೈ ಶುರುವಿನಲ್ಲಿ ಬರುತ್ತದೆ. ಅದಕ್ಕೇ ಹದಿನೈದು ದಿನದ ಅಂತರ ಇಟ್ಟೆ. ಪಾಸಾಗುವ ನಂಬಿಕೆ ಇದೆ ಅಂತೆಲ್ಲ ಸೇರಿಸಲಿಲ್ಲ. ಪ್ರತಿ ಪೇಪರಿನಲ್ಲೂ 40, ಗ್ರೂಪಿನ ಒಟ್ಟು ಅಂಕಗಳಲ್ಲಿ ಶೇಕಡ 50 ಬೇಕು. ನನ್ನ ನಂಬಿಕೆಯಿಂದ ಅದು ಬದಲಾಗುವುದಿಲ್ಲವಲ್ಲ.

ಹೆಸರಿನ ಹಿಂದೆ "ಸಿಎ" ಸೇರಿಸುವ ಆಸೆ ಮಾತ್ರ ಜೋರಾಗಿತ್ತು. ಸೇರಿಸಲಿಲ್ಲ. ಮೆಂಬರ್‌ಶಿಪ್ ಸಿಗುವ ತನಕ ಹಾಗೆ ಬಳಸುವಂತಿಲ್ಲ.

ಇಂಟರ್‌ವ್ಯೂನಲ್ಲಿ ಮೇಡಂ ನೇರವಾಗಿ ಕೇಳಿದರು, "ಆಗದಿದ್ದರೆ?" "ಗ್ರೂಪ್ 1 ನನ್ನ ಹತ್ತಿರ ಉಳಿಯುತ್ತೆ ಮೇಡಂ. ಸೆಪ್ಟೆಂಬರ್‌ನಲ್ಲಿ ಮತ್ತೆ ಬರೀತೀನಿ, ಆಗ ಪರೀಕ್ಷೆಗೆ ರಜೆ ಬೇಕಾಗುತ್ತೆ. ಜಿಎಸ್‌ಟಿ ರಿಟರ್ನ್, ಆಡಿಟ್ ಕೆಲಸ ಈಗಲೂ ಮಾಡಬಲ್ಲೆ" ಅಂದೆ. ಅವರು ರಜೆಯ ಮಾತನ್ನು ಗುರುತು ಹಾಕಿಕೊಂಡು ಟಿಡಿಎಸ್ ಬಗ್ಗೆ ಕೇಳಲು ಶುರು ಮಾಡಿದರು. ಆಫರ್‌ನಲ್ಲಿ ಎರಡು ಸಂಬಳ ಇತ್ತು: ಸೆಮಿ ಕ್ವಾಲಿಫೈಡ್ ಆಗಿ ಇಷ್ಟು, ಪಾಸಾದ ಮೇಲೆ ಅಷ್ಟು. ಫಲಿತಾಂಶ ಯಾವಾಗ ಅಂತ ಬರೆದಿದ್ದರಿಂದಲೇ ಅವರಿಗೆ ಹಾಗೆ ಲೆಕ್ಕ ಹಾಕಲು ಆಯಿತು ಅನ್ನಿಸುತ್ತದೆ.

ಜುಲೈಯಲ್ಲಿ ಪಾಸಾದೆ. ಅದೇ ಸಂಜೆ ಹಳೇ ಮೇಲ್‌ಗೇ ಉತ್ತರವಾಗಿ ಮಾರ್ಕ್‌ಶೀಟ್ ಕಳಿಸಿದೆ. ರೆಸ್ಯೂಮೆಯಲ್ಲೂ ಸಾಲು ಬದಲಾಯಿತು: "ಸಿಎ ಫೈನಲ್ ಪಾಸ್. ಮೆಂಬರ್‌ಶಿಪ್‌ಗೆ ಅರ್ಜಿ ಹಾಕಿದ್ದೇನೆ." ಮತ್ತೆ ಒಂದು ಬಾಕಿ!