ಹೆಸರು ಹಿಂದೆ, ಅಡ್ಡಹೆಸರು ಮುಂದೆ: 412 ಸಾಲುಗಳ ಒಂದು ಪಟ್ಟಿಯ ಅನುಭವ

ಗಂಗಾವತಿಯಲ್ಲಿ ನಾನು ನಡೆಸುವ ಟೈಪಿಂಗ್ ಮತ್ತು ಡಿಟಿಪಿ ಅಂಗಡಿಗೆ ಕಳೆದ ವರ್ಷ ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ಬಂದಿತ್ತು. ಸಾಲಿಗೊಬ್ಬರಂತೆ 412 ಜನರಿದ್ದ ಆ ಪಟ್ಟಿಯಲ್ಲಿ ಮೊದಲು ಸದಸ್ಯರ ಹೆಸರು, ಕೆಲವೆಡೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಇತ್ತು. ವಾರ್ಷಿಕ ಸಭೆಯ ಸಹಿ ಪುಸ್ತಕಕ್ಕೆ ಅದನ್ನು ಅಡ್ಡಹೆಸರಿನ ಅಕಾರಾದಿಯಲ್ಲಿ ಜೋಡಿಸಿಕೊಡಬೇಕಿತ್ತು. ಅಂದರೆ ‘ಮಲ್ಲಪ್ಪ ಬಡಿಗೇರ’ ಎಂಬುದು ‘ಬಡಿಗೇರ ಮಲ್ಲಪ್ಪ’ ಆಗಬೇಕು, ‘ಬಸವರಾಜ ಶಿವಪ್ಪ ಹಿರೇಮಠ’ ಎಂಬುದು ‘ಹಿರೇಮಠ ಬಸವರಾಜ ಶಿವಪ್ಪ’ ಆಗಬೇಕು.

ನಾನು ಬಳಸುವ ಎಡಿಟರ್ ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಅದರಲ್ಲಿ Ctrl+H ಒತ್ತಿ, ಕೆಳಗಡೆ `Regular expression` ಆಯ್ದುಕೊಂಡರೆ, ಹುಡುಕುವ ವಿನ್ಯಾಸದಲ್ಲಿ ಆವರಣದೊಳಗೆ ಬರೆದ ಪ್ರತಿಯೊಂದು ಭಾಗವನ್ನೂ ಎಡಿಟರ್ ನೆನಪಿಟ್ಟುಕೊಳ್ಳುತ್ತದೆ. ಈ ಆವರಣಗಳನ್ನೇ ಕ್ಯಾಪ್ಚರ್ ಗ್ರೂಪ್ ಎನ್ನುತ್ತಾರೆ. ಮೊದಲ ಆವರಣದಲ್ಲಿ ಸಿಕ್ಕಿದ್ದು `$1`, ಎರಡನೆಯದರಲ್ಲಿ ಸಿಕ್ಕಿದ್ದು `$2`. ಬದಲಿಸುವ ಜಾಗದಲ್ಲಿ ಇವನ್ನು ಹಿಂದುಮುಂದಾಗಿ ಬರೆದರೆ ಹೆಸರೂ ಹಿಂದುಮುಂದಾಗುತ್ತದೆ. ನಾನು ಮೊದಲು ಬರೆದದ್ದು ಹೀಗಿತ್ತು, ಮೇಲಿನ ಸಾಲು ಹುಡುಕಲು, ಕೆಳಗಿನದು ಬದಲಿಸಲು:

```
^(.+)\s+(\S+)$
$2 $1
```

ಸಾಲಿನ ಆರಂಭದಿಂದ ಎಷ್ಟು ಸಾಧ್ಯವೋ ಅಷ್ಟನ್ನು ಮೊದಲ ಗುಂಪು ಹಿಡಿಯುತ್ತದೆ, ಕೊನೆಯ ಖಾಲಿ ಜಾಗದ ನಂತರ ಉಳಿದ ಒಂದು ಪದ ಎರಡನೆಯ ಗುಂಪಿಗೆ ಸೇರುತ್ತದೆ. ಹೆಸರುಗಳನ್ನು ಹಿಡಿಯಲು ಅನೇಕರು `\w` ಬಳಸುತ್ತಾರೆ. ಕನ್ನಡ ಪಟ್ಟಿಗೆ ನಾನು ಅದನ್ನು ಬಳಸುವುದಿಲ್ಲ. ಯೂನಿಕೋಡ್‌ನಲ್ಲಿ ನಮ್ಮ ಕಾಗುಣಿತದ ಚಿಹ್ನೆಗಳೂ ಅರ್ಧಾಕ್ಷರದ ಚಿಹ್ನೆಯೂ ಮೂಲಾಕ್ಷರದಿಂದ ಪ್ರತ್ಯೇಕ ಸಂಕೇತಗಳಾಗಿರುವುದರಿಂದ, ‘ಅಕ್ಷರ’ ಎಂದರೆ ಯಾವುದು ಎಂಬುದನ್ನು ಒಂದೊಂದು ಎಡಿಟರ್ ಒಂದೊಂದು ರೀತಿಯಲ್ಲಿ ತೀರ್ಮಾನಿಸುತ್ತದೆ. `\S` ಎಂದರೆ ಖಾಲಿ ಜಾಗವಲ್ಲದ ಯಾವುದೇ ಸಂಕೇತ ಎಂದಷ್ಟೇ ಅರ್ಥ, ಆದ್ದರಿಂದ ಅಲ್ಲಿ ಆ ತೊಡಕೇ ಏಳುವುದಿಲ್ಲ.

`Replace All` ಒತ್ತಿದಾಗ 403 ಕಡೆ ಬದಲಾಯಿತು ಎಂಬ ಸೂಚನೆ ಬಂತು. ಒಂಬತ್ತು ಜನರಿಗೆ ಒಂದೇ ಪದದ ಹೆಸರಿರುವುದು ನನಗೆ ಮೊದಲೇ ಗೊತ್ತಿದ್ದುದರಿಂದ ಲೆಕ್ಕ ಸರಿಯಾಗಿದೆ ಎಂದುಕೊಂಡೆ. ಪಟ್ಟಿಯನ್ನು ಜೋಡಿಸಿ, ಕರಡು ಪ್ರತಿ ತೆಗೆದು ಸಂಘದ ಕಾರ್ಯದರ್ಶಿಗಳಿಗೆ ತೋರಿಸಿದೆ. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟು, “ಇವರು ಯಾರು ಹೇಳ್ರಿ? ಹುಲಿಗೆಮ್ಮನವರು ಬೇರೆ, ಮಲ್ಲಪ್ಪನವರು ಬೇರೆ. ಇಬ್ಬರ ಓಣಿನೂ ಬೇರೆ ಅದಾವ” ಎಂದರು. ಆ ಸಾಲಿನಲ್ಲಿ ‘ಹುಲಿಗೆಮ್ಮ ಮಲ್ಲಪ್ಪ ಬಡಿಗೇರ’ ಎಂದಿತ್ತು.

ಕಾರಣ `\s`. ಅದು ಕೇವಲ ಪದಗಳ ನಡುವಿನ ಖಾಲಿ ಜಾಗವಲ್ಲ, ಸಾಲು ಮುರಿಯುವ ಸಂಕೇತವೂ ಅದರೊಳಗೆ ಸೇರಿದೆ. ‘ಮಲ್ಲಪ್ಪ ಬಡಿಗೇರ’ ಎಂಬ ಸಾಲಿನ ಕೆಳಗೆ ‘ಹುಲಿಗೆಮ್ಮ’ ಎಂಬ ಒಂದೇ ಪದದ ಸಾಲಿದ್ದಾಗ, ಮೊದಲ ಗುಂಪು ಮೇಲಿನ ಇಡೀ ಸಾಲನ್ನು ನುಂಗಿತು, `\s+` ಸಾಲುಮುರಿತವನ್ನು ದಾಟಿತು, ಎರಡನೆಯ ಗುಂಪು ಹುಲಿಗೆಮ್ಮನನ್ನು ಹಿಡಿಯಿತು. ಎರಡು ಪದಗಳಿರುವ ಸಾಲು ಕೆಳಗಿದ್ದರೆ ಹೀಗಾಗುವುದಿಲ್ಲ, ಏಕೆಂದರೆ ಅಲ್ಲಿ ಮೊದಲ ಪದದ ನಂತರ, ಸಾಲಿನ ಕೊನೆಯನ್ನು ಸೂಚಿಸುವ `$` ಹೊಂದುವುದಿಲ್ಲ. ಹುಲಿಗಿಯ ದೇವಿಯ ಹೆಸರನ್ನು ಹೊತ್ತ ಹೆಣ್ಣುಮಕ್ಕಳು ನಮ್ಮ ಜಿಲ್ಲೆಯ ಪಟ್ಟಿಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ, ಹಳೆಯ ದಾಖಲೆಗಳಲ್ಲಿ ಅವರ ಹೆಸರಿಗೆ ಅಡ್ಡಹೆಸರು ಇರದಿರುವುದೂ ಉಂಟು. ಹೀಗೆ ಬೆಸೆದ ಸಾಲು ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಸಹಜ ಕ್ರಮದಲ್ಲೇ ಕಾಣುವುದರಿಂದ ಓದುವವರ ಕಣ್ಣಿಗೆ ತಪ್ಪೆನಿಸುವುದಿಲ್ಲ. ಬದಲಾದ ಸಂಖ್ಯೆಯೂ ಸುಳಿವು ಕೊಡಲಿಲ್ಲ. ಒಂಬತ್ತು ಸಾಲುಗಳನ್ನು ಬಿಟ್ಟರೂ 403, ಒಂಬತ್ತು ಸಾಲುಗಳನ್ನು ಮೇಲಿನವುಗಳಿಗೆ ಬೆಸೆದರೂ 403. ನಿಜ ಹೇಳಬಹುದಾಗಿದ್ದದ್ದು ಎಡಬದಿಯ ಸಾಲಿನ ಸಂಖ್ಯೆ ಮಾತ್ರ, ಅದು 412ರಿಂದ 403ಕ್ಕೆ ಇಳಿದಿತ್ತು. ನಾನು ಅದನ್ನು ನೋಡಿರಲಿಲ್ಲ. ಒಬ್ಬ ಸದಸ್ಯೆಯ ಸಹಿಯ ಜಾಗವೇ ಇಲ್ಲವಾಗುತ್ತಿತ್ತಲ್ಲ ಎಂಬ ಅಳುಕು ನನಗೆ ಇಂದಿಗೂ ಇದೆ.

ಮೂಲ ಕಡತದ ಪ್ರತಿಯಿಂದ ಮತ್ತೆ ಆರಂಭಿಸಿದೆ. ಮೊದಲು `Edit` ಪಟ್ಟಿಯ `Blank Operations` ಅಡಿಯಲ್ಲಿರುವ `Trim Leading and Trailing Space` ಬಳಸಿ ಸಾಲುಗಳ ಎರಡೂ ತುದಿಯ ಖಾಲಿ ಜಾಗ ತೆಗೆದೆ. ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದರೂ `(\S+)$` ಆ ಸಾಲಿಗೆ ಹೊಂದದೆ, ಅದು ಬದಲಾಗದೆ ಉಳಿದುಬಿಡಬಹುದು. `\s` ಬದಲು, ಒಂದೇ ಸಾಲಿನೊಳಗಿನ ಖಾಲಿ ಜಾಗವನ್ನು ಮಾತ್ರ ಹಿಡಿಯುವ `\h` ಹಾಕಿದೆ.

ಇನ್ನೊಂದು ತೊಡಕು ಪಾಟೀಲರದು. ನಮ್ಮ ಕಡೆ ಪಾಟೀಲರಷ್ಟೇ ಅಲ್ಲದೆ ಪೊಲೀಸ್ ಪಾಟೀಲರೂ ಮಾಲಿ ಪಾಟೀಲರೂ ಇದ್ದಾರೆ, ಅಲ್ಲಿ ಎರಡೂ ಪದ ಸೇರಿಯೇ ಅಡ್ಡಹೆಸರು. ಕೊನೆಯ ಪದವನ್ನು ಮಾತ್ರ ಎತ್ತಿಕೊಂಡರೆ ‘ಶರಣಪ್ಪ ಪೊಲೀಸ್ ಪಾಟೀಲ’ ಎಂಬವರು ‘ಪಾಟೀಲ ಶರಣಪ್ಪ ಪೊಲೀಸ್’ ಆಗುತ್ತಾರೆ. ಎರಡನೆಯ ಗುಂಪಿನಲ್ಲಿ ಈ ಜೋಡಿಪದಗಳನ್ನು ಪರ್ಯಾಯವಾಗಿ ಸೇರಿಸಿದೆ, ಆದರೂ ಫಲಿತಾಂಶ ಬದಲಾಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಕಾರಣ ತಿಳಿಯಿತು. `(.+)` ಆದಷ್ಟು ಹೆಚ್ಚು ಹಿಡಿಯುವುದರಿಂದ ‘ಶರಣಪ್ಪ ಪೊಲೀಸ್’ ಎಂಬಷ್ಟನ್ನೂ ತಾನೇ ಇಟ್ಟುಕೊಂಡು, ‘ಪಾಟೀಲ’ ಎಂಬ ಒಂದು ಪದವನ್ನು ಮಾತ್ರ ಬಿಟ್ಟುಕೊಡುತ್ತಿತ್ತು. ನನ್ನ ಜೋಡಿಪದಕ್ಕೆ ಸರದಿಯೇ ಬರುತ್ತಿರಲಿಲ್ಲ. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ `(.+?)` ಎಂದು ಮಾಡಿದರೆ, ಆ ಗುಂಪು ಆದಷ್ಟು ಕಡಿಮೆ ಹಿಡಿಯುವುದರಿಂದ ಆರಂಭಿಸುತ್ತದೆ. ಆಗ ‘ಶರಣಪ್ಪ’ ಎಂಬಲ್ಲಿಗೇ ‘ಪೊಲೀಸ್ ಪಾಟೀಲ’ ಹೊಂದುತ್ತದೆ. ಬಸವರಾಜ ಶಿವಪ್ಪ ಹಿರೇಮಠರ ಸಾಲಿನಲ್ಲಿ ‘ಶಿವಪ್ಪ’ನ ನಂತರ ಸಾಲು ಮುಗಿಯದ ಕಾರಣ ಮೊದಲ ಗುಂಪು ಹಿಗ್ಗಿ ‘ಬಸವರಾಜ ಶಿವಪ್ಪ’ ಆಗುತ್ತದೆ, ಆದ್ದರಿಂದ ಅಲ್ಲಿಯೂ ಕೆಡುವುದಿಲ್ಲ.

ಬಳ್ಳಾರಿ ಕಡೆಯಿಂದ ಬಂದು ನೆಲೆಸಿದ ಕೆಲವರ ಹೆಸರು ‘ಜಿ. ವೀರೇಶ’ ಎಂಬ ರೀತಿಯಲ್ಲಿತ್ತು. ಮನೆತನದ ಮೊದಲಕ್ಷರ ಅಲ್ಲಿ ಆಗಲೇ ಮುಂದಿರುವುದರಿಂದ ಅವನ್ನು ಮುಟ್ಟಬಾರದು. ಮೊದಲ ಪದದಲ್ಲಿ ಚುಕ್ಕೆಯಿದ್ದರೆ ಆ ಸಾಲನ್ನು ಬಿಡು ಎಂಬ ನಿಬಂಧನೆಯನ್ನು ಆರಂಭದಲ್ಲಿ ಸೇರಿಸಿದೆ. ಕೊನೆಗೆ ನಿಂತ ರೂಪ ಇದು:

```
^(?!\S*\.)(.+?)\h+((?:ಪೊಲೀಸ್|ಮಾಲಿ)\h+ಪಾಟೀಲ|\S+)$
$2, $1
```

ಒಳಗಿನ ಆವರಣಕ್ಕೆ `?:` ಸೇರಿಸಿದ್ದು ಅದು ಪ್ರತ್ಯೇಕ ಸಂಖ್ಯೆಯ ಗುಂಪಾಗದಿರಲಿ ಎಂದು. ‘ಪೊಲೀಸ್’ ಪದವನ್ನು ಪಟ್ಟಿಯಲ್ಲಿ ಮೂರು ರೀತಿ ಬರೆದಿದ್ದರು. ‘ಪಾಟೀಲ’ ಎಂದು ಹುಡುಕಿ, `Find All in Current Document` ತೋರಿಸಿದ ಸಾಲುಗಳನ್ನು ಒಂದೊಂದಾಗಿ ಓದಿ, ಕಾಗುಣಿತವನ್ನು ಕೈಯಿಂದಲೇ ಒಂದೇ ರೂಪಕ್ಕೆ ತಂದೆ. ಅದನ್ನೂ ವಿನ್ಯಾಸಕ್ಕೆ ತುರುಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಬದಲಿಸುವ ಸಾಲಿನಲ್ಲಿ ಅಲ್ಪವಿರಾಮ ಇಟ್ಟದ್ದು ಬೇಕೆಂದೇ. ಅದಿಲ್ಲದೆ ಅಪ್ಪಿತಪ್ಪಿ ಎರಡನೆಯ ಬಾರಿ `Replace All` ಒತ್ತಿದರೆ ಎರಡು ಪದದ ಹೆಸರು ಮೊದಲಿನಂತಾಗುತ್ತದೆ, ಮೂರು ಪದದ ಹೆಸರು ಮಾತ್ರ ಇನ್ನೊಂದು ಸುತ್ತು ತಿರುಗಿ ‘ಶಿವಪ್ಪ ಹಿರೇಮಠ ಬಸವರಾಜ’ ಆಗಿ ನಿಲ್ಲುತ್ತದೆ. ಅಲ್ಪವಿರಾಮವಿದ್ದರೆ ಬದಲಾದ ಸಾಲು ಯಾವುದು, ಆಗದ್ದು ಯಾವುದು ಎಂದು ಬೇರ್ಪಡಿಸಬಹುದು. ಮೂಲ ಪಟ್ಟಿಯಲ್ಲಿ ಎಲ್ಲಿಯೂ ಅಲ್ಪವಿರಾಮವಿಲ್ಲ ಎಂದು ಮೊದಲೇ ನೋಡಿಕೊಂಡಿದ್ದೆ.

ಈ ಸಲ 377 ಸಾಲು ಬದಲಾದವು. `^[^,\r\n]+$` ಎಂದು ಹುಡುಕಿ `Count` ಒತ್ತಿದಾಗ ಅಲ್ಪವಿರಾಮವಿಲ್ಲದ 35 ಸಾಲು ಸಿಕ್ಕವು. ಅವುಗಳಲ್ಲಿ ಮೊದಲ ಪದದಲ್ಲಿ ಚುಕ್ಕೆಯಿದ್ದ ಹೆಸರುಗಳು 26, ಒಂಟಿ ಹೆಸರುಗಳು ಒಂಬತ್ತು. ಎಡಬದಿಯಲ್ಲಿ ಕೊನೆಯ ಸಾಲಿನ ಸಂಖ್ಯೆ 412 ಎಂದೇ ಇತ್ತು. ಆ ಒಂಬತ್ತು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಕಾರ್ಯದರ್ಶಿಗಳಿಗೆ ಕೊಟ್ಟೆ. ಅವರು ಸಂಘದ ಖಾತೆ ಪುಸ್ತಕ ನೋಡಿ ಆರು ಜನರ ಅಡ್ಡಹೆಸರು ತುಂಬಿಸಿದರು. ಉಳಿದ ಮೂವರ ಹೆಸರು ಹಾಗೆಯೇ, ತಮ್ಮ ತಮ್ಮ ಅಕ್ಷರದಡಿ, ಸಹಿ ಪುಸ್ತಕ ಸೇರಿತು.