ಗಿಯರ್ ಹಲ್ಲು ಬರೆಯುವುದು, ಜೋಡಿಸಿ ಪರೀಕ್ಷಿಸುವುದು ಹೇಗೆ?

ರೀಲಿಗೆ ಸುತ್ತಿದ ದಾರವನ್ನು ಬಿಗಿಹಿಡಿದು ಬಿಚ್ಚುತ್ತಾ ಹೋದರೆ ಅದರ ತುದಿ ಎಳೆಯುವ ಗೆರೆಯೇ ಇನ್ವಾಲ್ಯೂಟ್. ಗಿಯರ್‌ನಲ್ಲಿ ಆ ರೀಲಿನ ಜಾಗದಲ್ಲಿರುವುದು ಬೇಸ್ ವೃತ್ತ. 20 ಮತ್ತು 40 ಹಲ್ಲಿನ ಒಂದು ಜೋಡಿಯನ್ನು ಸಾಲಿಡ್‌ವರ್ಕ್ಸ್‌ನಲ್ಲಿ ಬರೆಯೋಣ. ಮಾಡ್ಯೂಲ್ 2, ಒತ್ತಡದ ಕೋನ 20 ಡಿಗ್ರಿ.

ಚಿಕ್ಕ ಗಿಯರ್‌ನ ಪಿಚ್ ತ್ರಿಜ್ಯ 20 ಮಿ.ಮೀ. ಅದನ್ನು 20 ಡಿಗ್ರಿಯ ಕೊಸೈನ್‌ನಿಂದ ಗುಣಿಸಿದರೆ ಬೇಸ್ ತ್ರಿಜ್ಯ 18.794 ಸಿಗುತ್ತದೆ. ಹಲ್ಲಿನ ತುದಿ 22ರಲ್ಲಿ, ಬುಡ 17.5ರಲ್ಲಿ. ಈ ನಾಲ್ಕೂ ವೃತ್ತಗಳನ್ನು ಎಳೆದು, Equation Driven Curve ತೆರೆದು, Parametric ಆರಿಸಿ ಹೀಗೆ ಬರೆಯಿರಿ:

```
x = 18.794*(cos(t)+t*sin(t))
y = 18.794*(sin(t)-t*cos(t))
t: 0 – 0.65
```

ಇಲ್ಲಿ t ರೇಡಿಯನ್‌ನಲ್ಲಿದೆ. ತುದಿ ವೃತ್ತವನ್ನು ದಾಟಿದ ಭಾಗವನ್ನು ಕತ್ತರಿಸಿ. ಬೇಸ್ ವೃತ್ತದ ಒಳಗೆ ಇನ್ವಾಲ್ಯೂಟ್ ಇರುವುದೇ ಇಲ್ಲ; ಅಲ್ಲಿಂದ ಬುಡದವರೆಗೆ ಕೇಂದ್ರದತ್ತ ಒಂದು ನೇರ ಗೆರೆ ಸಾಕು.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹಲ್ಲಿನ ಇನ್ನೊಂದು ಮಗ್ಗುಲಿಗಾಗಿ ವಕ್ರವನ್ನು ಪ್ರತಿಬಿಂಬಿಸುವ ನಡುಗೆರೆ, ವಕ್ರ ಶುರುವಾಗುವ ಬಿಂದುವಿನಿಂದ 4.5 ಡಿಗ್ರಿ ದೂರದಲ್ಲಿದೆ ಎಂದುಕೊಳ್ಳುತ್ತಾರೆ. ಆ 4.5 ಪಿಚ್ ವೃತ್ತದ ಮೇಲಿನ ಲೆಕ್ಕ. ಬೇಸ್‌ನಿಂದ ಪಿಚ್‌ಗೆ ಏರುವಾಗ ವಕ್ರ 0.854 ಡಿಗ್ರಿ ಒಳಗೆ ವಾಲಿರುತ್ತದೆ, ಹಾಗಾಗಿ ನಡುಗೆರೆ 5.354ಕ್ಕೆ ಬರಬೇಕು. 4.5ಕ್ಕೇ ಇಟ್ಟರೆ ಪಿಚ್ ವೃತ್ತದಲ್ಲಿ 3.14 ಮಿ.ಮೀ. ಇರಬೇಕಾದ ಹಲ್ಲು ಸುಮಾರು 2.55ಕ್ಕೆ ಸೊರಗಿ, ಜೋಡಿ ಲೊಡಲೊಡ ಅಲ್ಲಾಡುತ್ತದೆ. ಪ್ರತಿ ಹಲ್ಲನ್ನು 0.05 ಮಿ.ಮೀ. ತೆಳುಮಾಡಿ ಸಡಿಲಿಕೆ ಬಿಡಬೇಕಾದ್ದರಿಂದ ನಾವು ಇಡುವುದು 5.28. ದೊಡ್ಡದಕ್ಕೆ ಬೇಸ್ ತ್ರಿಜ್ಯ 37.588, ತುದಿ 42, ಬುಡ 37.5, ನಡುಗೆರೆ 3.07 ಡಿಗ್ರಿ.

ಅಸೆಂಬ್ಲಿಯಲ್ಲಿ ಎರಡು ಅಕ್ಷಗಳ ಅಂತರ 60 ಮಿ.ಮೀ. Gear mate ಅನ್ನು ಕೂಡಲೇ ಹಾಕಬೇಡಿ. ಅದಕ್ಕೆ ತಿರುಗುವ ಅನುಪಾತ ಮಾತ್ರ ಗೊತ್ತು, ಹಲ್ಲು ಎಲ್ಲಿದೆ ಎಂಬುದು ಗೊತ್ತಿಲ್ಲ. ಹಲ್ಲೊಳಗೆ ಹಲ್ಲು ನುಗ್ಗಿದ್ದರೂ ಎರಡನ್ನೂ ಸಲೀಸಾಗಿ ತಿರುಗಿಸುತ್ತದೆ. ಮೊದಲು ಕೇಂದ್ರಗಳನ್ನು ಸೇರಿಸುವ ಗೆರೆಯ ಮೇಲೆ ಚಿಕ್ಕದರ ಹಲ್ಲಿನ ನಡುವನ್ನೂ ದೊಡ್ಡದರ ಸಂದಿನ ನಡುವನ್ನೂ ತಾತ್ಕಾಲಿಕ ಮೇಟ್‌ಗಳಿಂದ ಕೂರಿಸಿ. ಆಮೇಲೆ ಅವನ್ನು ಸಪ್ರೆಸ್ ಮಾಡಿ, 20:40 ಅನುಪಾತ ಕೊಡಿ. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ Reverse ಒತ್ತಿ.

ಈಗ Interference Detection. ಒಂದೇ ಸ್ಥಾನದಲ್ಲಿ ನೋಡಿ ನಂಬಬೇಡಿ. ಚಿಕ್ಕ ಗಿಯರ್‌ನ ಒಂದು ಹಲ್ಲಿನ ಪಾಲು 18 ಡಿಗ್ರಿ. ಅಷ್ಟನ್ನೂ ಮೂರು ಮೂರು ಡಿಗ್ರಿ ತಿರುಗಿಸಿ ಪ್ರತಿಸಲ ಪರೀಕ್ಷಿಸಿ. ಎಲ್ಲಾ ಸ್ಥಾನದಲ್ಲೂ ಹಲ್ಲಿನ ಒಂದೇ ಮಗ್ಗುಲು ಕಚ್ಚಿದರೆ ಕೂರಿಸುವಾಗಲೇ ಕೋನ ತಪ್ಪಿದೆ. ಎರಡೂ ಮಗ್ಗುಲು ಕಚ್ಚಿದರೆ ಹಲ್ಲು ದಪ್ಪವಾಗಿದೆ, ಇಲ್ಲವೇ ಅಂತರ 60ಕ್ಕಿಂತ ಕಡಿಮೆಯಿದೆ. ದೊಡ್ಡದರ ತುದಿ ಚಿಕ್ಕದರ ಬುಡದ ನೇರ ಗೆರೆಯನ್ನು ಕೊರೆಯುವುದು ಹಲ್ಲಿನ ಸಂಖ್ಯೆ 17ಕ್ಕಿಂತ ಕೆಳಗಿಳಿದಾಗ ಎದುರಾಗುವ ತೊಂದರೆ. ನಮ್ಮ 20 ಹಲ್ಲಿನಲ್ಲಿ ಹಾಗೆ ಕಂಡರೆ ಬುಡದ ತ್ರಿಜ್ಯವನ್ನೇ ಮೊದಲು ಅಳೆಯಿರಿ: ಅಲ್ಲಿ 0.5 ಮಿ.ಮೀ. ಸಂದು ಉಳಿದಿರಬೇಕು.