ಜಗಲಿಯ ಐದನೇ ಕಂಬ

ಶಿರಸೀಲಿ ಕೂತು ಮನೆ ಎಲಿವೇಷನ್, ತ್ರೀಡಿ ವ್ಯೂ ಮಾಡ್ಕೊಡೋದು ನನ್ನ ಕೆಲ್ಸ. ಕುಮಟಾ ಹತ್ರದ್ದೊಂದು ಹೋಮ್‌ಸ್ಟೇ ಬಂತು: ಚಿರೆಕಲ್ಲು ಗೋಡೆ, ಮಂಗಳೂರು ಹಂಚು, ಎದುರಿಗೆ ಉದ್ದ ಜಗಲಿ, ಅದಕ್ಕೆ ನಾಲ್ಕು ಕಂಬ. ಯಜಮಾನ್ರಿಗೆ ಅರ್ಜೆಂಟು, ಹಂಗಾಗಿ ಮಾಡೆಲ್ ಕಟ್ಟೋದು ಬಿಟ್ಟು, ಬರೆದಿದ್ದಕ್ಕೆ ಚಿತ್ರ ಮಾಡ್ಕೊಡೋ ಎಐ ಜನರೇಟರ್ ಸ್ಟೇಬಲ್ ಡಿಫ್ಯೂಷನ್‌ಗೆ ಬರೆದು ಹಾಕ್ದೆ, ಚಾ ಕುಡಿದು ಬರೋದ್ರೊಳಗೆ ಎಂಟು ಚಿತ್ರ ರೆಡಿ. ಅವ್ರು ಮೂರನೇದು ನೋಡಿ ಇದೇ ಇರ್ಲಿ ಅಂದ್ರು.

ಅದ್ರಲ್ಲಿ ಕಂಬ ಐದಿತ್ತು, ನಾನೂ ಎಣಿಸಿರ್ಲಿಲ್ಲ. ಮೇಸ್ತ್ರಿ ಪ್ರಿಂಟ್ ಹಿಡ್ಕೊಂಡು ಫೋನ್ ಮಾಡಿ "ತಮಾ, ಪ್ಲಾನಲ್ಲಿ ನಾಲ್ಕು, ಇದ್ರಲ್ಲಿ ಐದು, ಯಾವ್ದಕ್ಕೆ ಗುಂಡಿ ತೆಗಿಲಿ?" ಅಂದಾಗ್ಲೇ ಗೊತ್ತಾಗಿದ್ದು. ಹಂಚು ನೋಡಿದ್ರೆ ಅದೂ ಮಂಗಳೂರು ಹಂಚಲ್ಲ, ನಾಡಹಂಚಿನ ಥರ ಅರ್ಧ ಕೊಳವೆ. ಒಂದು ಕಂಬ ತೆಗಿಯೋಕೆ ಮತ್ತೆ ಜನರೇಟ್ ಮಾಡಿದ್ರೆ ಕಂಬ ಹೋಯ್ತು, ಜೊತೆಗೆ ಬಾಗಿಲು ಬಲಕ್ಕೆ ಸರೀತು.

ಆಮೇಲೆ ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರಲ್ಲಿ ಪ್ಲಾನ್ ಅಳತೆಗೇ ಮಾಡೆಲ್ ಕಟ್ಟಿದೆ, ಒಂದೂವರೆ ದಿನ ಹಿಡೀತು. ಅದ್ರಿಂದ ಡೆಪ್ತ್ ಚಿತ್ರ, ಅಂದ್ರೆ ಯಾವ್ದು ಹತ್ರ ಯಾವ್ದು ದೂರ ಅಂತ ಕಪ್ಪು-ಬಿಳುಪಲ್ಲಿ ಹೇಳೋ ಚಿತ್ರ ತೆಗೆದು, ಜನರೇಟರನ್ನ ಆ ಆಕಾರಕ್ಕೇ ಕಟ್ಟಿಹಾಕೋ ಕಂಟ್ರೋಲ್‌ನೆಟ್‌ಗೆ ಕೊಟ್ಟೆ. ಮೊದ್ಲನೇ ಸಲ ಜಗಲಿ ಗುಹೆ ಥರ ಒಳಗೆ ಹೋಗಿತ್ತು, ಯಾಕಂದ್ರೆ ನಾನು ಡೆಪ್ತಿಗೆ ತೆಗೆದ ಬ್ಲೆಂಡರಿನ ಮಿಸ್ಟ್ ಪಾಸಲ್ಲಿ ಹತ್ರದ್ದು ಕಪ್ಪು, ಕಂಟ್ರೋಲ್‌ನೆಟ್‌ಗೆ ಹತ್ರದ್ದು ಬಿಳಿ ಬೇಕು. ಇನ್ವರ್ಟ್ ಮಾಡಿದ್ಮೇಲೆ ಕಂಬ ನಾಲ್ಕೇ ಉಳೀತು. ಆದ್ರೆ ಕಿಟಕಿ ಸರಳು ಗೋಡೆಗೆ ಅಂಟ್ಕೊಂಡೇ ಇರೋದಲ್ವಾ, ಡೆಪ್ತಲ್ಲಿ ಅದು ಕಾಣೋದೇ ಇಲ್ಲ, ಹಂಗಾಗಿ ಜನರೇಟರ್ ತನಗೆ ತೋಚಿದ ಗ್ರಿಲ್ ಹಾಕ್ತು. ಬ್ಲೆಂಡರಿಂದ ತೆಗೆದ ನಮ್ಮ ರೆಂಡರನ್ನೇ ಇಮೇಜ್ ಟು ಇಮೇಜ್‌ಗೆ ಕೊಟ್ಟು, ಅದನ್ನ ಎಷ್ಟು ಬದಲಿಸ್ಬೇಕು ಅನ್ನೋ `Denoising strength` 0.3ಕ್ಕೆ ಇಳಿಸಿದ್ರೆ ಸರಳು ಹೆಚ್ಚುಕಮ್ಮಿ ನಿಲ್ತದೆ, 0.5 ದಾಟಿದ್ರೆ ನನ್ನ ಫೈಲಲ್ಲಿ ಕಿಟಕಿನೇ ಬೇರೆ ಆಗ್ತಿತ್ತು. ಕಣ್ಣಳತೆ ನಂಬೋದು ಬೇಡ, ರೆಂಡರ್ ಮೇಲೆ ಜನರೇಟರ್ ಕೊಟ್ಟ ಚಿತ್ರನ ಅರ್ಧ ಪಾರದರ್ಶಕ ಮಾಡಿ ಇಡಿ, ಸರಿದಿರೋ ಕಡೆ ಗೆರೆ ಎರಡೆರಡು ಕಾಣ್ತದೆ.

ಅಷ್ಟೊತ್ತಿಗೆ ಯಜಮಾನ್ರು ಕಿಟಕಿ ಒಂದಡಿ ಎಡಕ್ಕೆ ಬೇಕು ಅಂದ್ರು. ಮಾಡೆಲಲ್ಲಿ ಸರಿಸೋಕೆ ಎರಡು ನಿಮಿಷ, ನನ್ನ ಹಳೇ ಗ್ರಾಫಿಕ್ಸ್ ಕಾರ್ಡಲ್ಲಿ ರೆಂಡರಿಗೆ ನಲವತ್ತು ನಿಮಿಷ, ಬೇರೆ ಏನೂ ಅಲುಗಾಡ್ಲಿಲ್ಲ. ಮುಂದಿನ ಮೂರು ಬದಲಾವಣೆನೂ ಹಿಂಗೇ ಆಯ್ತು, ಜನರೇಟರಲ್ಲಿ ಕೂತಿದ್ರೆ ಪ್ರತಿ ಸಲ ಲಾಟರಿ.

ಈಗ ಮೊದಲ ಮೀಟಿಂಗಿಗೆ ಬಣ್ಣ, ಮೂಡು ಕೇಳೋಕಷ್ಟೇ ಜನರೇಟರ್ ಚಿತ್ರ, ಅದನ್ನ ಲ್ಯಾಪ್‌ಟಾಪಲ್ಲೇ ತೋರಿಸ್ತೆ, ಫೈಲ್ ಕೊಡೋದಿಲ್ಲ. ಕೊನೇ ಚಿತ್ರ ಬ್ಲೆಂಡರಿಂದೇ, ಅದ್ರಲ್ಲಿ ಮಳೆಗಾಲದ ಆಕಾಶ, ಅಂಗಳದಾಚೆ ತೋಟ ಮಾತ್ರ ಮಾಸ್ಕ್ ಹಾಕಿ, ಅಂದ್ರೆ ಅಷ್ಟೇ ಜಾಗ ಗುರುತು ಮಾಡಿ, ಜನರೇಟರಿಂದ ತುಂಬಿಸ್ತೆ. ಅಲ್ಲೂ ಅಡಿಕೆ ಮರ ಕೇಳಿದ್ರೆ ತೆಂಗು ಕೊಡ್ತದೆ, ಅದನ್ನ ಶಿರಸಿಯವ್ರಿಗೆ ತೋರ್ಸಿದ್ರೆ ಮುಗೀತು ಕಥೆ.